ಹಾಸಿಗೆ ಹಿಡಿದವರ ಸ್ನಾನ: ನೀರು ಕಮ್ಮಿ, ಹೊದಿಕೆ ಜಾಸ್ತಿ

ಜೇವರ್ಗಿ ತಾಲೂಕಿನ ಒಂದು ಹಳ್ಳಿಮನೆ. ಪಡಸಾಲೆಯಲ್ಲಿ ಹೊರಸು, ಹೊರಸಿನ ಮೇಲೆ ಕೌದಿ, ಕೌದಿಯ ಮೇಲೆ 72 ವರ್ಷದ ಆಯಿ. ಲಕ್ವಾ ಹೊಡೆದು ಮೂರು ವಾರ ಆಗಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಮಾತು ಹೋಗಿತ್ತು, ಆದರೆ ಹೇಳಿದ್ದೆಲ್ಲ ತಿಳಿಯುತ್ತಿತ್ತು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಸೊಸೆ ಒಂದು ಕೊಡ ಬಿಸಿನೀರು ಇಟ್ಟುಕೊಂಡು ಚರಿಗೆಯಿಂದ ಮೈಮೇಲೆ ಸುರಿಯುತ್ತಿದ್ದಳು. ನೀರು ಕೌದಿ ದಾಟಿ, ಹೊರಸಿನ ನವಾರಿನಿಂದ ಪರಸಿ ಕಲ್ಲಿನ ಮೇಲೆ ಹನಿಯುತ್ತಿತ್ತು. ಆಯಿ ಎಡಗೈಯಿಂದ ಸೆರಗು ಹುಡುಕುತ್ತಿದ್ದರು. ಸೆರಗು ಸಿಗುತ್ತಿರಲಿಲ್ಲ, ಅದು ಆಗಲೇ ಕಾಲಕಡೆ ಹೋಗಿ ಒದ್ದೆಯಾಗಿ ಬಿದ್ದಿತ್ತು.

ಸೊಸೆಗೆ ಕಾಳಜಿ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ದಿನಾ ಸ್ನಾನ ಮಾಡಿಸುತ್ತಿದ್ದಳು. ತೊಂದರೆ ಅಲ್ಲೇ ಇತ್ತು. ನಮಗೆಲ್ಲ ಸ್ನಾನ ಅಂದರೆ ನೀರು ಸುರಿಯೋದು. ಮಲಗಿದವರ ಮೈಮೇಲೆ ಸುರಿದ ನೀರು ಎಲ್ಲಿಗೂ ಹೋಗೋದಿಲ್ಲ, ಬೆನ್ನ ಕೆಳಗೇ ನಿಲ್ಲುತ್ತದೆ. ಆಯಿಯನ್ನು ಪಕ್ಕಕ್ಕೆ ಹೊರಳಿಸಿ ನೋಡಿದೆ. ಸೊಂಟದ ಕೆಳಗಿನ ಎಲುಬಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿಂದ ಒತ್ತಿ ಬಿಟ್ಟರೂ ಆ ಕೆಂಪು ಬೆಳ್ಳಗಾಗಲಿಲ್ಲ. ಅಂದರೆ ಮಲಗಿದಲ್ಲೇ ಒತ್ತಿ ಒತ್ತಿ ಆಗುವ ಹುಣ್ಣು, ಬೆಡ್‌ಸೋರ್, ಶುರುವಾಗಿತ್ತು, ಚರ್ಮ ಇನ್ನೂ ಒಡೆದಿರಲಿಲ್ಲ ಅಷ್ಟೇ.

ಕಲಬುರಗಿ ಕಡೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಆ ಮನೆಯಲ್ಲಿ ನಾವು ಮುಂದೆ ಏನು ಮಾಡಿದೆವು ಅನ್ನೋದನ್ನೇ ಇಲ್ಲಿ ಬರೆಯುತ್ತೇನೆ. ಬೇರೆ ರೋಗಿಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಆದರೆ ಕುತ್ತಿಗೆ ಅಥವಾ ಬೆನ್ನೆಲುಬಿಗೆ ಪೆಟ್ಟು ಬಿದ್ದವರನ್ನು, ಸೊಂಟದ ಎಲುಬು ಮುರಿದವರನ್ನು ಹೀಗೆ ಹೊರಳಿಸಬೇಡಿ. ಅವರ ಡಾಕ್ಟರ್ ಹೇಳಿದ ಹಾಗೇ ಮಾಡಬೇಕು.

ಶುರು ಮಾಡೋ ಮೊದಲು

ಬೇಕಾದದ್ದು ಮನೆಯಲ್ಲೇ ಇರುತ್ತದೆ. ಎರಡು ಬೋಗುಣಿ, ಒಂದು ಸೋಪಿನ ನೀರಿಗೆ, ಒಂದು ಬರಿ ನೀರಿಗೆ. ಒಂದೊಂದರಲ್ಲಿ ಎರಡು ಮೂರು ಲೀಟರ್ ಸಾಕು. ಹಳೇ ಹತ್ತಿ ಧೋತರ ಹರಿದು ಅಂಗೈ ಅಗಲದ ಏಳೆಂಟು ತುಂಡು ಮಾಡಿಕೊಳ್ಳಿ. ಎರಡು ಟವೆಲ್, ಹಾಸಿಗೆ ಮೇಲೆ ಹಾಕೋಕೆ ಒಂದು ಪ್ಲಾಸ್ಟಿಕ್ ಹಾಳೆ, ಹೊದಿಸೋಕೆ ಒಂದು ಒಣ ಚಾದರ, ಹಾಕಿಸುವ ಬಟ್ಟೆ, ಕೈಗವಸು. ಇಷ್ಟನ್ನೂ ಕೈಗೆ ಎಟಕುವ ಹಾಗೆ ಜೋಡಿಸಿಕೊಂಡೇ ಶುರು ಮಾಡಿ. ಅರ್ಧಕ್ಕೆ ಬಿಟ್ಟು ಟವೆಲ್ ಹುಡುಕೋಕೆ ಒಳಗೆ ಹೋದರೆ ಇಲ್ಲಿ ಒಬ್ಬರು ಒದ್ದೆ ಮೈಯಲ್ಲಿ, ಅರೆಬೆತ್ತಲೆ ಮಲಗಿರುತ್ತಾರೆ. ಹೊರಸು ಎತ್ತರ ಇದ್ದರೆ ಉರುಳಿಯೂ ಬೀಳಬಹುದು.

ಊಟ ಮಾಡಿಸಿದ ಕೂಡಲೇ ಸ್ನಾನ ಬೇಡ, ಒಂದು ತಾಸು ಬಿಡಿ. ಫ್ಯಾನ್ ಆರಿಸಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುವ ಬಿಸಿಲು, ಫ್ಯಾನ್ ಆರಿಸು ಅಂದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ ಮುಗಿಸಿಬಿಡುವುದು ಒಳ್ಳೇದು. ಒದ್ದೆ ಮೈಗೆ ಗಾಳಿ ತಾಗಿದರೆ ವಯಸ್ಸಾದವರಿಗೆ ಬೇಸಿಗೆಯಲ್ಲೂ ನಡುಕ ಬರುತ್ತದೆ. ಬೀದರ ಕಡೆಯವರು ಡಿಸೆಂಬರಿನಲ್ಲಿ ಹತ್ತು ಗಂಟೆಯ ಬಿಸಿಲು ಬರೋವರೆಗೆ ಕಾಯಿರಿ.

ನೀರಿನ ಬಿಸಿ ಎಷ್ಟು? ಥರ್ಮಾಮೀಟರ್ ಇದ್ದರೆ 40 ಡಿಗ್ರಿ ಆಸುಪಾಸು. ಇಲ್ಲದಿದ್ದರೆ ಮುಂಗೈಯ ಒಳಭಾಗ ಅಥವಾ ಮೊಳಕೈ ಅದ್ದಿ ನೋಡಿ, ಹಿತವಾಗಿ ಬೆಚ್ಚಗಿರಬೇಕು. ಅಂಗೈ ಅದ್ದಿ ನೋಡಬೇಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಜೋಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ನಾದುವ ಕೈ, ಸುಡುವ ಹೆಂಚಿನ ಮೇಲೆ ರೊಟ್ಟಿ ತಿರುವುವ ಕೈ ನಮ್ಮದು. ಆ ಅಂಗೈಗೆ ಬಿಸಿ ಗೊತ್ತಾಗೋದಿಲ್ಲ. ಲಕ್ವಾ ಹೊಡೆದ ಕಾಲಿಗೂ ಎಷ್ಟೋ ಸಲ ಗೊತ್ತಾಗೋದಿಲ್ಲ. ನನ್ನದೇ ತಪ್ಪು ಒಂದು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಗೈಯಿಂದ ನೋಡಿ ಸರಿ ಇದೆ ಅಂದುಕೊಂಡು ಒಬ್ಬ ಮುತ್ಯಾನ ಪಾದವನ್ನು ಬೋಗುಣಿಗೆ ಇಳಿಸಿದ್ದೆ. ಅವರು ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ. ಸಂಜೆಗೆ ಹಿಮ್ಮಡಿಯಲ್ಲಿ ನೀರುಗುಳ್ಳೆ. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಆ ಗಾಯ ಮಾಯೋಕೆ ಎರಡು ತಿಂಗಳು ಹಿಡಿಯಿತು.

ಡೆಟಾಲ್ ತರಹದ ಔಷಧಿ ನೀರಿಗೆ ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ದಿನಾ ಹಾಕಿದರೆ ಚರ್ಮ ಒಣಗಿ ಬಿರಿಯುತ್ತದೆ, ಬಿರಿದ ಜಾಗದಿಂದಲೇ ಸೋಂಕು ಒಳಗೆ ಹೋಗುತ್ತದೆ. ಸೋಂಕು ತಡೆಯೋದು ನಿಮ್ಮ ಕೈ. ಸೋಪು ಹಚ್ಚಿ ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳು ಸೇರಿಸಿ 40ರಿಂದ 60 ಸೆಕೆಂಡ್ ತೊಳೆಯಿರಿ. ಬಳೆ ಮೇಲೆ ಸರಿಸಿ, ಉಂಗುರ ತೆಗೆಯಿರಿ. ಕೈಗವಸು ಹಾಕಿದರೂ ಕೈ ತೊಳೆಯೋದು ತಪ್ಪೋದಿಲ್ಲ, ಹಾಕುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ.

ಯಾರು ಮಾಡಬೇಕು, ಹೇಗೆ ಕೇಳಬೇಕು

ಆಯಿಗೆ ಮೈ ತೊಳೆಯೋಕೆ ಸೊಸೆ ಸಾಕು, ಆದರೆ ಹೊರಳಿಸೋಕೆ ಇನ್ನೊಬ್ಬರು ಬೇಕು. ಮೊದಲ ದಿನ ಮಗ ಬಂದು ನಿಂತ. ಆಯಿ ಮುಖ ಆ ಕಡೆ ತಿರುಗಿಸಿದರು. ನಾನು ಕೇಳಿದೆ: “ಆಯಿ, ಮಗಾ ಹೊರಗ ಹೋಗ್ಲೇನು?” ಎಡಗೈ ಎತ್ತಿ ಬಾಗಿಲು ತೋರಿಸಿದರು. ಅಲ್ಲಿಗೆ ತೀರ್ಮಾನ ಆಯಿತು. ಪಕ್ಕದ ಮನೆಯ ತಂಗಿಯ ಸೊಸೆ ದಿನಾ ಹತ್ತು ನಿಮಿಷ ಬಂದು ಹೊರಳಿಸೋಕೆ ಕೈ ಕೊಡುತ್ತಾಳೆ. ಗಂಡಸು ರೋಗಿ ಆದರೆ ಇದೇ ಉಲ್ಟಾ. ಸೊಸೆಯ ಕೈಯಿಂದ ಮೈ ತೊಳೆಸಿಕೊಳ್ಳೋದು ಮಾವನಿಗೆ ಸಾವಿಗಿಂತ ಕಷ್ಟ. ಸೊಸೆಗೂ ಸಂಕಟ. ಮಗನೋ ಅಳಿಯನೋ ಮೊಮ್ಮಗನೋ ಮಾಡಲಿ, ಸೊಸೆ ನೀರು ಕಾಸಿ ಕೊಡಲಿ.

ಪಡಸಾಲೆಯಲ್ಲಿ ಹೋಗಿ ಬರೋ ಜನ ಇರುತ್ತಾರೆ. ಹಳೇ ಸೀರೆ ಒಂದನ್ನು ಹಗ್ಗಕ್ಕೆ ಹಾಕಿ ಪರದೆ ಕಟ್ಟಿ. ರೋಗಿಗೆ ಮಾತು ಬರದಿದ್ದರೂ, ಎಚ್ಚರ ಇಲ್ಲದಿದ್ದರೂ, “ಈಗ ಕೈ ಒರಸ್ತೀನಿ”, “ಈಗ ಆ ಕಡಿ ಹೊರಳಿಸ್ತೀನಿ” ಅಂತ ಹೇಳಿಯೇ ಮುಟ್ಟಿ. ಅವರ ಮೈ ಮೇಲಿಂದ ಇಬ್ಬರು ಆ ಕಡೆ ಈ ಕಡೆ ನಿಂತು ಹೊಲದ ಮಾತು, ಮದುವೆ ಮಾತು ಆಡಬೇಡಿ. ಕೇಳಿಸುತ್ತಿರುತ್ತದೆ.

ಆಯಿಯ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ಇಂಥದ್ದನ್ನು ಕೇಳದೆ ತೆಗೆಯಬಾರದು. “ಕೊರಳ ಹಿಂದ ಸರಿಸ್ಲೇನು, ತೆಗದು ಕೈಯಾಗ ಕೊಡ್ಲೇನು?” ಅಂತ ಕೇಳಿದೆ. ಕೈ ಚಾಚಿದರು. ಸ್ನಾನ ಮುಗಿಯೋವರೆಗೆ ಎಡಗೈಯಲ್ಲೇ ಹಿಡಿದಿದ್ದರು. ದಾರ ಮಾತ್ರ ಕೊಳೆ ಹಿಡಿದು ಕೊರಳಲ್ಲಿ ಬೆವರುಗುಳ್ಳೆ ಎದ್ದಿತ್ತು. ಹೊಸ ದಾರ ಹಾಕಿಸಿದೆವು. ತಾಳಿ, ತಾಯತದ ದಾರದ ಕೆಳಗೂ ಹೀಗೇ ಬಿಚ್ಚಿ ನೋಡಬೇಕಾಗುತ್ತದೆ.

ಮೈ ತೊಳೆಯುವ ಕ್ರಮ

ಮೊದಲು ಚಾದರ ಹೊದಿಸಿ, ಆಮೇಲೆ ಅದರ ಕೆಳಗಿಂದ ಬಟ್ಟೆ ಬಿಚ್ಚಿ. ಸ್ನಾನ ಮುಗಿಯೋವರೆಗೂ ಆ ಚಾದರ ಮೈಮೇಲೆ ಇರಬೇಕು. ಯಾವ ಭಾಗ ತೊಳೆಯುತ್ತೀರೋ ಅದನ್ನು ಮಾತ್ರ ಹೊರಗೆ ತೆಗೆದು, ತೊಳೆದು, ಒರೆಸಿ, ಮತ್ತೆ ಒಳಗೆ ಸೇರಿಸಿ. ಬಟ್ಟೆ ಬಿಚ್ಚುವಾಗ ಸ್ವಾಧೀನ ಇರುವ ಕೈ ಮೊದಲು, ಹಾಕುವಾಗ ಬಿದ್ದ ಕೈ ಮೊದಲು. ಬಿದ್ದ ಕೈಯನ್ನು ಯಾವತ್ತೂ ಹಿಡಿದು ಎಳೆಯಬೇಡಿ. ಭುಜವನ್ನು ಹಿಡಿದಿಡುವ ಸ್ನಾಯು ಸಡಿಲ ಆಗಿರುತ್ತದೆ, ಕೀಲು ಜಾರುತ್ತದೆ.

ಕಣ್ಣಿಂದ ಶುರು. ಸೋಪಿಲ್ಲದ ನೀರು, ಬಟ್ಟೆಯ ಒಂದು ತುದಿ. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ. ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ತುದಿ. ಒಂದು ಕಣ್ಣಲ್ಲಿ ಪಿಸುರು ಇದ್ದರೆ ಅದು ಇನ್ನೊಂದಕ್ಕೆ ಹೋಗಬಾರದಲ್ವಾ. ಆಮೇಲೆ ಮುಖ, ಕಿವಿಯ ಹಿಂದೆ, ಕೊರಳು. ಆಯಿಗೆ ನಾನು ಒದ್ದೆ ಬಟ್ಟೆ ಎಡಗೈಗೆ ಕೊಟ್ಟೆ. ಮುಖ ಅವರೇ ಒರೆಸಿಕೊಂಡರು. ಬಲಗೆನ್ನೆ ಬಿಟ್ಟುಹೋಯಿತು, ಪರವಾಗಿಲ್ಲ, ಅದನ್ನು ಸೊಸೆ ಒರೆಸಿದಳು. ರೋಗಿ ಮಾಡಬಹುದಾದದ್ದನ್ನು ರೋಗಿಗೇ ಬಿಡಿ, ಐದು ನಿಮಿಷ ಜಾಸ್ತಿ ಹಿಡಿದರೂ ಸರಿ.

ನಂತರ ಕೈಗಳು, ಬೆರಳಿಂದ ಭುಜದ ಕಡೆಗೆ. ಬಿದ್ದ ಕೈಯ ಮುಷ್ಟಿ ಬಿಗಿದಿರುತ್ತದೆ. ಮಣಿಕಟ್ಟನ್ನು ಒಳಗೆ ಬಗ್ಗಿಸಿದರೆ ಬೆರಳು ತಾನೇ ಸಡಿಲ ಆಗುತ್ತವೆ, ಒತ್ತಾಯದಿಂದ ಬಿಡಿಸಬೇಡಿ. ಆಯಿಯ ಬಲ ಅಂಗೈ ತೆರೆದಾಗ ಮೂರು ವಾರದ ಬೆವರು ಬೆಳ್ಳಗೆ ಹೆಪ್ಪುಗಟ್ಟಿ ಹುಳಿವಾಸನೆ ಹೊಡೆಯುತ್ತಿತ್ತು. ದಿನಾ ಕೊಡಗಟ್ಟಲೆ ನೀರು ಸುರಿದರೂ ಆ ಮುಷ್ಟಿಯೊಳಗೆ ಒಂದು ಹನಿ ಹೋಗಿರಲಿಲ್ಲ. ಆಮೇಲೆ ಕಂಕುಳು, ಎದೆ, ಎದೆಯ ಕೆಳಗಿನ ಮಡಿಕೆ, ಹೊಟ್ಟೆ, ಹೊಕ್ಕಳು, ಕಾಲು, ಕಾಲ್ಬೆರಳ ಸಂದು.

ಸೋಪು ಸ್ವಲ್ಪವೇ ಹಾಕಿ. ಇಲ್ಲಿಯ ಬೋರ್ ನೀರು ಬಹಳ ಕಡೆ ಗಡಸು. ನೊರೆ ಬರೋದಿಲ್ಲ ಅಂತ ಇನ್ನಷ್ಟು ಉಜ್ಜುತ್ತೇವೆ, ಆ ಸೋಪು ಪೂರ್ತಿ ಬಿಡದೆ ಚರ್ಮದ ಮೇಲೆ ಅಂಟಿಕೊಂಡು ತುರಿಕೆ ತರುತ್ತದೆ. ಸೋಪಿನ ಬಟ್ಟೆಯಿಂದ ಒಮ್ಮೆ, ಬರಿ ನೀರಿನ ಬಟ್ಟೆಯಿಂದ ಎರಡು ಸಲ, ಆಮೇಲೆ ಒಣ ಟವೆಲ್. ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒತ್ತಿ ನೀರು ಹೀರಿಸಿ. ಮಡಿಕೆಗಳಲ್ಲಿ ಪೌಡರ್ ಹಾಕುವ ರೂಢಿ ಬಿಡಿ. ಬೆವರು ಸೇರಿ ಅದು ಉಂಡೆಗಟ್ಟಿ ಚರ್ಮ ತರಚುತ್ತದೆ. ಎದೆಯ ಕೆಳಗೆ, ತೊಡೆಸಂದಿನಲ್ಲಿ ಕೆಂಪಗಾಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಸಾಮಾನ್ಯವಾಗಿ ಬೂಸ್ಟಿನ ಸೋಂಕು. ಅದಕ್ಕೆ ಡಾಕ್ಟರ್ ಮುಲಾಮು ಕೊಡುತ್ತಾರೆ, ಪೌಡರಿನಿಂದ ಹೋಗೋದಿಲ್ಲ.

ಇಲ್ಲಿಗೆ ನೀರು ಚೆಲ್ಲಿ ಹೊಸ ನೀರು ತಗೊಳ್ಳಿ. ಮಧ್ಯದಲ್ಲಿ ತಣ್ಣಗಾದರೂ ಕಲಕಾದರೂ ಅಷ್ಟೇ.

ಬೆನ್ನು ನೋಡುವ ಹೊತ್ತು

ನನ್ನ ಲೆಕ್ಕದಲ್ಲಿ ಇಡೀ ಸ್ನಾನದಲ್ಲಿ ಇದೇ ದೊಡ್ಡ ಕೆಲಸ. ದಿನಕ್ಕೆ ಒಮ್ಮೆಯಾದರೂ ಬೆನ್ನನ್ನು ಬೆಳಕಿನಲ್ಲಿ ಪೂರ್ತಿ ನೋಡುವ ಅವಕಾಶ ಸಿಗೋದು ಈಗಲೇ.

ಆಯಿಯನ್ನು ಎಡಕ್ಕೆ, ಅಂದರೆ ಸ್ವಾಧೀನ ಇರುವ ಕಡೆಗೆ ಹೊರಳಿಸಬೇಕು. ಬಿದ್ದ ಬಲಗೈಯನ್ನು ಹೊಟ್ಟೆ ಮೇಲೆ ಇಟ್ಟೆವು. ಬಲ ಮೊಣಕಾಲು ಮಡಚಿದೆವು. ಒಬ್ಬರ ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಇನ್ನೊಬ್ಬರು ಆ ಕಡೆ ನಿಂತು ಬೀಳದ ಹಾಗೆ ತಡೆದರು. ಭುಜ ಮತ್ತು ಸೊಂಟ ಒಟ್ಟಿಗೆ, ಒಂದೇ ಸಲ ಹೊರಳಬೇಕು. ಚಾದರ ಮುಂದುಗಡೆ ಹಾಗೇ ಇರಲಿ, ಬೆನ್ನು ಮಾತ್ರ ಕಾಣಲಿ. ಬೆನ್ನಿನುದ್ದಕ್ಕೂ ಟವೆಲ್ ಹಾಸಿ.

ತೊಳೆದು ಒರೆಸಿದ ಮೇಲೆ ಈ ಜಾಗಗಳನ್ನು ನೋಡಿ: ತಲೆಯ ಹಿಂಭಾಗ, ಕಿವಿ, ಹೆಗಲ ಎಲುಬು, ಮೊಳಕೈ, ಸೊಂಟದ ಕೆಳಗಿನ ಎಲುಬು, ತೊಡೆಯ ಪಕ್ಕ ಉಬ್ಬಿದ ಎಲುಬು, ಹಿಮ್ಮಡಿ. ಕೆಂಪು ಕಂಡರೆ ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ, ಆ ಕಡೆ ಮಲಗಿಸೋದು ಬಿಟ್ಟರೆ ಸರಿಹೋಗುತ್ತದೆ. ಬೆಳ್ಳಗಾಗದಿದ್ದರೆ ಒಳಗೆ ಪೆಟ್ಟು ಬಿದ್ದಾಗಿದೆ. ನಮ್ಮ ಕಡೆ ಬಹಳ ಜನರದು ಕಪ್ಪು ಮೈಬಣ್ಣ, ಕೆಂಪು ಕಾಣೋದೇ ಇಲ್ಲ. ಆಗ ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಅಥವಾ ಮೆತ್ತಗೆ ಇದೆಯಾ, ಮುಟ್ಟಿದರೆ ರೋಗಿ ಮುಖ ಕಿವುಚುತ್ತಾರಾ, ಬಣ್ಣ ನೇರಳೆಗೆ ತಿರುಗಿದೆಯಾ.

ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಓಡಲಿ ಅಂತ ತಿಕ್ಕುತ್ತಾರೆ, ಒಳಗಿನ ಎಳೆಗಳು ಮೊದಲೇ ನೊಂದಿರುತ್ತವೆ, ತಿಕ್ಕಿದರೆ ಹರಿಯುತ್ತವೆ. ಸ್ಪಿರಿಟ್ ಕೂಡ ಬೇಡ. ಆಯಿಗೆ ನಾವು ಮಾಡಿದ್ದು ಇಷ್ಟೇ. ಒದ್ದೆ ಕೌದಿ ತೆಗೆದು ಒಣ ಹಾಸಿಗೆ ಹಾಕಿದೆವು. ಎರಡು ತಾಸಿಗೊಮ್ಮೆ ಎಡ, ಬಲ, ಅಂಗಾತ ಅಂತ ಮಗ್ಗಲು ಬದಲಿಸಿದೆವು. ಕೆಂಪು ಇರೋವರೆಗೆ ಅಂಗಾತ ಬಹಳ ಕಮ್ಮಿ. ಬಲಕ್ಕೆ ಮಲಗಿಸುವಾಗ ಬಿದ್ದ ಭುಜವನ್ನು ಸ್ವಲ್ಪ ಮುಂದಕ್ಕೆ ತೆಗೆದು ಇಡುತ್ತಿದ್ದೆವು, ಇಲ್ಲದಿದ್ದರೆ ಮೈಭಾರ ಎಲ್ಲ ಆ ಕೈಮೇಲೆ ಬೀಳುತ್ತದೆ. ಮಗ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆದಿಡುತ್ತಿದ್ದ. ಹತ್ತು ದಿನಕ್ಕೆ ಕೆಂಪು ಹೋಯಿತು. ಚರ್ಮ ಒಡೆದಿದ್ದರೆ ಹತ್ತು ದಿನದ ಮಾತಲ್ಲ ಅದು, ಡ್ರೆಸ್ಸಿಂಗ್‌ಗೆ ಹೋಗಲೇಬೇಕಿತ್ತು.

ಕೊನೆಗೆ ಕೆಳಭಾಗ

ಇನ್ನೊಮ್ಮೆ ಹೊಸ ನೀರು, ಹೊಸ ಬಟ್ಟೆ, ಕೈಗವಸು. ಇಲ್ಲಿ ಬಳಸಿದ ಬಟ್ಟೆ ಮೈಗೆ ಮತ್ತೆ ತಾಗಬಾರದು. ನಾನು ಆ ತುಂಡುಗಳ ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿಸಿದ್ದೇನೆ, ಕತ್ತಲಲ್ಲೂ ತಪ್ಪಾಗೋದಿಲ್ಲ.

ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಒಂದು ಸಲ ಒರೆಸಿದ ತುದಿಯಿಂದ ಮತ್ತೆ ಒರೆಸಬೇಡಿ, ಬಟ್ಟೆ ಮಡಚಿ ಇನ್ನೊಂದು ಮುಖ ತಗೊಳ್ಳಿ. ಹಿಂದಿನಿಂದ ಮುಂದಕ್ಕೆ ಬಂದರೆ ಮಲದ ಕ್ರಿಮಿ ಮೂತ್ರದ ದಾರಿಗೆ ಹೋಗುತ್ತದೆ. ಗಂಡಸರಿಗೆ ಮುಂದೊಗಲು ಹಿಂದೆ ಸರಿಸಿ ತೊಳೆದರೆ ಅದನ್ನು ಮರೆಯದೆ ಮುಂದಕ್ಕೆ ತರಬೇಕು. ಹಾಗೇ ಬಿಟ್ಟರೆ ಬಾತು ಬಿಗಿಯಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕೈ ಸ್ವಾಧೀನ ಇದ್ದವರಿಗೆ ಈ ಭಾಗ ತಾವೇ ತೊಳೆದುಕೊಳ್ಳೋಕೆ ಬಟ್ಟೆ ಕೊಟ್ಟು, ಮುಖ ತಿರುಗಿಸಿ ನಿಲ್ಲಿ.

ಆಯಿಗೆ ಮೂತ್ರದ ಪೈಪ್ ಹಾಕಿದ್ದರು. ಪೈಪನ್ನು ಮೈ ಹತ್ತಿರ ಎರಡು ಬೆರಳಲ್ಲಿ ಹಿಡಿದು, ಮೈಯಿಂದ ಹೊರಗಿನ ಕಡೆಗೆ ನಾಲ್ಕು ಬೆರಳಷ್ಟು ಉದ್ದ ಸೋಪಿನ ಬಟ್ಟೆಯಿಂದ ಒರೆಸಬೇಕು. ಎಳೆಯಬಾರದು. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ, ಆದರೆ ನೆಲಕ್ಕೆ ತಾಗದ ಹಾಗೆ. ಹೊರಳಿಸುವಾಗ ಚೀಲವನ್ನು ಹಾಸಿಗೆ ಮೇಲೆ ಇಟ್ಟು ಮರೆತುಬಿಡುತ್ತಾರೆ. ಆಗ ಚೀಲದ ಮೂತ್ರ ವಾಪಸ್ ಒಳಗೆ ಹೋಗುತ್ತದೆ.

ಬಟ್ಟೆಯ ಮಾತು. ಆಯಿಗೆ ನೈಟಿ ಹಾಕಿಸೋಕೆ ಹೋದಾಗ ಎಡಗೈಯಿಂದ ತಳ್ಳಿದರು. ಬದುಕಿಡೀ ಇಳಕಲ್ ಸೀರೆ ಉಟ್ಟವರು. ಕೊನೆಗೆ ಕುಬಸದ ಬೆನ್ನು ಕತ್ತರಿಸಿ ಎರಡು ಕಡೆ ಲಾಡಿ ಹಚ್ಚಿಸಿದೆವು, ಮುಂದಿನಿಂದ ನೋಡಿದರೆ ಕುಬಸವೇ. ಹಳೇ ಮೆತ್ತನೆ ಸೀರೆಯನ್ನು ಅರ್ಧ ಮಾಡಿ ಸೊಂಟಕ್ಕೆ ಸುತ್ತಿ, ಸೆರಗು ಹೆಗಲ ಮೇಲೆ. ಗಂಟು ಬೆನ್ನ ಕೆಳಗೆ ಬರದ ಹಾಗೆ ನೋಡಿಕೊಂಡರೆ ಆಯಿತು. ಹಣೆಗೆ ವಿಭೂತಿ ಹಚ್ಚಿದಳು ಸೊಸೆ.

ಬಾಯಿ: ಇಲ್ಲಿ ನೀರೇ ಅಪಾಯ

ಮೈ ತೊಳೆಯೋದು ಒಂದು ದಿನ ತಪ್ಪಿದರೆ ನಡೆಯುತ್ತದೆ. ಬಾಯಿ ತಪ್ಪಬಾರದು. ಲಕ್ವಾ ಹೊಡೆದವರಿಗೆ ನುಂಗೋಕೆ ಸರಿಯಾಗಿ ಬರೋದಿಲ್ಲ. ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯಾ. ಅದಕ್ಕೇ ಬಾಯಿ ಚೊಕ್ಕ ಇಡಬೇಕು, ಆದರೆ ಚೊಕ್ಕ ಮಾಡೋಕೆ ಹಾಕಿದ ನೀರೇ ಒಳಗೆ ಜಾರಬಾರದು. ಆಯಿಯ ಮಗ ಬಾಯಿಗೆ ಚರಿಗೆಯಿಂದ ನೀರು ಹಾಕಿ “ಉಗಳು ಯವ್ವಾ” ಅನ್ನುತ್ತಿದ್ದ. ಅವರಿಗೆ ಉಗುಳೋಕೆ ಆಗುತ್ತಿರಲಿಲ್ಲ. ಆಮೇಲೆ ಗಂಟಲಲ್ಲಿ ಗೊರಗೊರ ಸದ್ದು. ಕೆಲವರಿಗೆ ಕೆಮ್ಮೂ ಬರೋದಿಲ್ಲ, ಸುಮ್ನೆ ಒಳಗೆ ಹೋಗಿಬಿಡುತ್ತದೆ.

ಕೂರಿಸೋಕೆ ಆದರೆ ದಿಂಬು ಕೊಟ್ಟು ಕೂರಿಸಿ, ಗದ್ದ ಸ್ವಲ್ಪ ಕೆಳಗೆ. ಆಗದಿದ್ದರೆ ಸ್ವಾಧೀನ ಇರುವ ಪಕ್ಕ ಕೆಳಗಾಗುವ ಹಾಗೆ ಮಗ್ಗಲಿಗೆ ಮಲಗಿಸಿ, ಮುಖ ಸ್ವಲ್ಪ ನೆಲದ ಕಡೆ ಬಾಗಿರಲಿ. ಗಲ್ಲದ ಕೆಳಗೆ ಟವೆಲ್, ಒಂದು ಬಟ್ಟಲು. ಬಾಯಲ್ಲಿದ್ದದ್ದು ಗಂಟಲಿಗೆ ಹೋಗದೆ ಕೆನ್ನೆಯಿಂದ ಬಟ್ಟಲಿಗೆ ಬರಬೇಕು. ಅಂಗಾತ ಮಲಗಿಸಿ ಮಾತ್ರ ಮಾಡಬೇಡಿ.

ಮಕ್ಕಳ ಮೆತ್ತನೆ ಬ್ರಶ್ ಸಾಕು. ಅದನ್ನು ನೀರಲ್ಲಿ ಅದ್ದಿ ಜಾಡಿಸಿ, ಪೇಸ್ಟ್ ಜೋಳದ ಕಾಳಿನಷ್ಟು. ಪೇಸ್ಟ್ ಜಾಸ್ತಿ ಆದರೆ ನೊರೆ ಜಾಸ್ತಿ, ನೊರೆ ಆದರೆ ಮತ್ತೆ ನೀರು ಬೇಕು. ಹಲ್ಲಿನ ಹೊರಮೈ, ಒಳಮೈ, ಅಗಿಯುವ ಮೈ, ಒಸಡಿನ ಅಂಚು. ಆಮೇಲೆ ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ನೊರೆ ಒರೆಸಿ ತೆಗೆಯಿರಿ. ಬೆರಳನ್ನು ಹಲ್ಲು ಮತ್ತು ಕೆನ್ನೆಯ ನಡುವೆ ಮಾತ್ರ ಹಾಕಿ, ಮೇಲಿನ ಕೆಳಗಿನ ಹಲ್ಲಿನ ನಡುವೆ ಬೇಡ. ಬೇಕಂತಲ್ಲದಿದ್ದರೂ ಕಚ್ಚುತ್ತಾರೆ, ನನ್ನ ಹೆಬ್ಬೆರಳಲ್ಲಿ ಗುರುತು ಇದೆ.

ಬಿದ್ದ ಕಡೆಯ ಕೆನ್ನೆಯೊಳಗೆ ಖಂಡಿತ ನೋಡಿ. ಆ ಕೆನ್ನೆಗೆ ಅನ್ನ ಇರುವುದೇ ಗೊತ್ತಾಗೋದಿಲ್ಲ. ಆಯಿಯ ಬಲಗೆನ್ನೆಯಿಂದ ಬೆಳಗಿನ ಹೊತ್ತು ರಾತ್ರಿಯ ಮೆತ್ತನೆ ಅನ್ನದ ತುತ್ತು ಹಾಗೇ ಹೊರಬಂತು. ಅದಕ್ಕೆ ಪ್ರತಿ ಊಟದ ಮೇಲೂ ಒಮ್ಮೆ ಬಟ್ಟೆಯಿಂದ ಒರೆಸೋದು, ಬ್ರಶ್ ದಿನಕ್ಕೆ ಎರಡು ಸಲ. ಮೂಗಿನ ನಳಿಕೆಯಿಂದ ಊಟ ಕೊಡುವವರಿಗೆ ಬಾಯಿ ಇನ್ನೂ ಬೇಗ ಒಣಗುತ್ತದೆ, ಹಗಲು ನಾಲ್ಕು ತಾಸಿಗೊಮ್ಮೆ ಒರೆಸಿ. ಬಾಯಿಂದ ತಿನ್ನೋದಿಲ್ಲ ಅಂದರೆ ಬಾಯಿ ತೊಳೆಯೋದು ಬೇಡ ಅಂದುಕೊಳ್ಳುವುದು ದೊಡ್ಡ ತಪ್ಪು.

ಹಲ್ಲುಪುಡಿ, ಬೂದಿ, ಇದ್ದಿಲು ಬೇಡ, ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ನಮ್ಮ ಕಡೆಯ ಎಷ್ಟೋ ಆಯಿಯರಿಗೆ ಮಿಶ್ರಿ ತಿಕ್ಕುವ ಚಟ ಇರುತ್ತದೆ. ಪಾಪ, ಕೇಳುತ್ತಾರೆ ಅಂತ ಸೊಸೆಯರು ಬೆರಳಿಗೆ ಹಚ್ಚಿ ಕೊಟ್ಟುಬಿಡುತ್ತಾರೆ. ಅದು ತಂಬಾಕು. ಎಂಜಲು ಉಕ್ಕಿಸುತ್ತದೆ, ಆ ಎಂಜಲನ್ನು ಉಗುಳೋಕೆ ಈಗ ಅವರಿಗೆ ಬರೋದಿಲ್ಲ. ಕಟ್ಟಿಸಿದ ಹಲ್ಲು ಇದ್ದರೆ ರಾತ್ರಿ ತೆಗೆದು, ಸೋಪಿನಿಂದ ಬ್ರಶ್ ಮಾಡಿ, ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಡಿ. ತೊಳೆಯುವಾಗ ಕೆಳಗೆ ನೀರಿನ ಬೋಗುಣಿ ಇರಲಿ, ಪರಸಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು.

ತುಟಿಗೆ ವ್ಯಾಸಲೀನ್ ತೆಳ್ಳಗೆ. ಆಕ್ಸಿಜನ್ ಹಚ್ಚಿದವರಿಗೆ ಮಾತ್ರ ವ್ಯಾಸಲೀನ್, ಎಣ್ಣೆ, ತುಪ್ಪ ಯಾವುದೂ ಬೇಡ. ನಾಲಿಗೆ ಮೇಲೆ, ಕೆನ್ನೆಯೊಳಗೆ ಮೊಸರಿನಂತೆ ಬಿಳಿ ಪದರ ಇದ್ದು, ಒರೆಸಿದರೆ ಕೆಳಗೆ ಕೆಂಪಗೆ ಕಂಡರೆ ಅದೂ ಬೂಸ್ಟಿನ ಸೋಂಕೇ, ಡಾಕ್ಟರಿಗೆ ತೋರಿಸಿ. ಬಾಯಿ ತೊಳೆದ ದಿನವೋ ಮರುದಿನವೋ ಜ್ವರ, ಜೋರು ಉಸಿರು, ಎದೆಯಲ್ಲಿ ಗೊರಗೊರ ಬಂದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ.

ತಲೆ ಸ್ನಾನ

ವಾರಕ್ಕೊಮ್ಮೆ ಸಾಕು, ಆ ದಿನ ಮೈ ತೊಳೆಯೋದು ಬಿಡಿ. ಎರಡೂ ಒಂದೇ ದಿನ ಆದರೆ ರೋಗಿ ದಣಿಯುತ್ತಾರೆ.

ಆಯಿಯ ಕೂದಲು ಹಿಂದೆ ಅಂಗೈ ಅಗಲ ಗಂಟು ಕಟ್ಟಿತ್ತು. ಎಲ್ಲಮ್ಮನ ಜಡೆ ಬಂದಿದೆ, ಕತ್ತರಿ ಮುಟ್ಟಿಸಬೇಡಿ ಅಂದರು ಓಣಿಯವರು. ಅದು ದಿಂಬಿಗೆ ಉಜ್ಜಿ ಉಜ್ಜಿ, ಎಣ್ಣೆ-ಬೆವರು ಸೇರಿ ಆದ ಗಂಟು. ನಾನು ವಾದ ಮಾಡಲಿಲ್ಲ, ಕತ್ತರಿಯೂ ತೆಗೆಯಲಿಲ್ಲ. ಹಿಂದಿನ ದಿನ ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿದೆವು. ಸೊಸೆ ಗಂಟಿನ ಬುಡವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಹಣಿಗೆ ಆಡಿಸಿದಳು. ಬುಡ ಹಿಡಿದರೆ ನೆತ್ತಿಗೆ ಜಗ್ಗೋದಿಲ್ಲ. ಎರಡು ದಿನ, ದಿನಕ್ಕೆ ಅರ್ಧ ತಾಸು. ಬಿಟ್ಟುಬಂತು. ಒಂದು ವೇಳೆ ಕತ್ತರಿಸಲೇಬೇಕಾದರೆ ರೋಗಿಯನ್ನು ಕೇಳಿಯೇ ಕತ್ತರಿಸಿ. ಒಂದು ಆಸ್ಪತ್ರೆಯಲ್ಲಿ ಎಚ್ಚರ ಇದ್ದ ಹೆಂಗಸಿನ ಜಡೆಯನ್ನು “ಸುಲಭ ಆಗ್ಲಿ” ಅಂತ ಕೇಳದೆ ಕತ್ತರಿಸಿದ್ದನ್ನು ನೋಡಿದ್ದೇನೆ. ಆಕೆ ಎರಡು ದಿನ ಊಟ ಬಿಟ್ಟಿದ್ದರು.

ತೊಟ್ಟಿ ಮಾಡುವ ರೀತಿ ಹೀಗೆ. ದೊಡ್ಡ ಟವೆಲನ್ನು ಉದ್ದಕ್ಕೆ ಸುತ್ತಿ ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿ. ಲಾಳದ ದುಂಡು ಭಾಗ ಕುತ್ತಿಗೆಯ ಕೆಳಗೆ, ಬಾಯಿ ಹೊರಸಿನ ಅಂಚಿನ ಕಡೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ತುದಿ ಕೆಳಗಿಟ್ಟ ಬಕೆಟ್ಟಿಗೆ ಇಳಿಬಿಡಿ. ಕಾಲುವೆ ಇದ್ದಂತೆ ಇರಬೇಕು. ಹಳೇ ಗೊಬ್ಬರದ ಚೀಲವನ್ನು ಸೀಳಿ ಹಾಸುವ ಮನೆಗಳಿವೆ. ದಯವಿಟ್ಟು ಬೇಡ, ಎಷ್ಟು ತೊಳೆದರೂ ಅದರಲ್ಲಿ ಗೊಬ್ಬರ ಉಳಿದಿರುತ್ತದೆ, ಕಣ್ಣಿಗೂ ನೆತ್ತಿಗೂ ಉರಿ. ತಲೆ ಆ ಲಾಳದೊಳಗೆ ಕೂರಬೇಕು. ಹೊರಸಿನ ಅಂಚಿನಿಂದ ತಲೆಯನ್ನು ಹಿಂದಕ್ಕೆ ಜೋತುಬಿಡಬೇಡಿ, ಕುತ್ತಿಗೆ ಹಿಂದಕ್ಕೆ ಮುರಿದರೆ ಮೆದುಳಿಗೆ ಹೋಗುವ ರಕ್ತನಾಳ ಒತ್ತಿ ತಲೆ ಸುತ್ತುತ್ತದೆ. ಲಕ್ವಾ ಆದವರಿಗಂತೂ ಬೇಡವೇ ಬೇಡ.

ಕಿವಿಗೆ ಹತ್ತಿ, ಕಣ್ಣಿನ ಮೇಲೆ ಮಡಚಿದ ಒಣ ಬಟ್ಟೆ, ಹೆಗಲ ಮೇಲೆ ಟವೆಲ್. ಶಾಂಪೂ ಅರ್ಧ ಪ್ಯಾಕೆಟ್ ಸಾಕು, ಅರ್ಧ ಲೋಟ ನೀರಿಗೆ ಬೆರೆಸಿ ಹಾಕಿ, ಆಗ ಬೇಗ ತೊಳೆದುಹೋಗುತ್ತದೆ. ಒಂದು ಚರಿಗೆ ನೀರಲ್ಲಿ ಕೂದಲು ನೆನೆಸಿ, ಉಗುರಿನಿಂದಲ್ಲದೆ ಬೆರಳ ತುದಿಯಿಂದ ನೆತ್ತಿ ತಿಕ್ಕಿ, ನಾಲ್ಕೈದು ಚರಿಗೆಯಲ್ಲಿ ತೊಳೆಯಿರಿ. ತಲೆಯ ಹಿಂಭಾಗ ತೊಳೆಯುವಾಗ ಒಬ್ಬರು ಅಂಗೈಯಲ್ಲಿ ತಲೆ ಎತ್ತಿ ಹಿಡಿಯಲಿ. ಆಗಲೇ ಅಲ್ಲಿ ಹುಣ್ಣು ಇದೆಯಾ ನೋಡಿಬಿಡಿ, ಕೂದಲ ಒಳಗಿನ ಬೆಡ್‌ಸೋರ್ ಯಾರ ಕಣ್ಣಿಗೂ ಬೀಳೋದಿಲ್ಲ. ನೀರು ಹಾಕೋಕೆ ಶುರು ಮಾಡಿದ ಮೇಲೆ ಹತ್ತು ನಿಮಿಷದಲ್ಲಿ ಮುಗಿಯಲಿ. ಮಧ್ಯದಲ್ಲಿ ಉಸಿರು ಜೋರಾದರೆ, ಮುಖ ಬೆಳ್ಳಗಾದರೆ, ನಡುಕ ಬಂದರೆ, ಶಾಂಪೂ ಇದ್ದರೂ ಸರಿ, ಅಲ್ಲಿಗೇ ನಿಲ್ಲಿಸಿ ಒರೆಸಿ ಹೊದಿಸಿ.

ಹಾಳೆಯನ್ನು ಒಳಕ್ಕೆ ಮಡಚಿ ತೆಗೆಯಿರಿ, ನೀರು ಹಾಸಿಗೆಗೆ ಚೆಲ್ಲಬಾರದು. ಕೂದಲು ಪೂರ್ತಿ ಒಣಗಿದ ಮೇಲೆ ಎರಡು ಸಡಿಲ ಜಡೆ ಹಾಕಿ ಹೆಗಲ ಮುಂದೆ ಬಿಡಿ. ಹಿಂದೆ ಒಂದೇ ಜಡೆ ಅಥವಾ ತುರುಬು ಹಾಕಿದರೆ ಅದರ ಮೇಲೆಯೇ ಮಲಗಬೇಕು, ಮತ್ತೆ ಅದೇ ಗಂಟು.

ಎಲ್ಲ ಮುಗಿದ ಮೇಲೆ ಇನ್ನೂ ಒಂದು ಕೆಲಸ. ಬೋಗುಣಿಯಲ್ಲಿ ಉಳಿದ ನೀರನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಚೆಲ್ಲಬೇಡಿ, ಬಚ್ಚಲಿಗೆ ಅಥವಾ ಪಾಯಖಾನೆಗೆ ಹಾಕಿ. ಬೋಗುಣಿಯನ್ನು ಸೋಪಿನ ಪುಡಿಯಿಂದ ತಿಕ್ಕಿ ಬಿಸಿಲಿಗೆ ಬೋರಲು ಹಾಕಿ. ಒದ್ದೆ ಬೋಗುಣಿಯಲ್ಲಿ ರಾತ್ರಿಯೊಳಗೆ ಕ್ರಿಮಿ ಬೆಳೆಯುತ್ತವೆ, ನಾಳೆ ಅದೇ ಬೋಗುಣಿಯ ನೀರಿನಿಂದ ಮುಖ ಒರೆಸುತ್ತೀರಿ. ಆ ಬೋಗುಣಿ ಅಡುಗೆಮನೆಗೆ ವಾಪಸ್ ಹೋಗಬಾರದು. ಬಟ್ಟೆ ತುಂಡುಗಳನ್ನು ಬೇರೆಯಾಗಿ ಬಿಸಿನೀರಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ಒಗೆದು, ಹಗ್ಗದ ಮೇಲೆ ಬಿಸಿಲಿಗೆ ಹಾಕಿ. ಆ ಮನೆಯ ಅಂಗಳದಲ್ಲಿ ಈಗ ದಿನಾ ಹನ್ನೊಂದು ಗಂಟೆಗೆ ಏಳೆಂಟು ಧೋತರದ ತುಂಡುಗಳು ಹಾರಾಡುತ್ತಿರುತ್ತವೆ, ಕೆಂಪು ಅಂಚಿನವು ಬೇರೆ ಹಗ್ಗಕ್ಕೆ.